ಮೇಲೆ ತಲುಪಿದ್ದನ್ನು ಹೇಳುವ ಸ್ವಿಚ್ಚು

"ಮೇಡಮ್, ನಿಮ್ ಪ್ರೋಗ್ರಾಮ್ ಪಕ್ಕಾ ಇದೆ. ಆಪರೇಟರ್ ಸರಿ ಇಲ್ಲ. ನೀವೊಂದ್ಸಲ ಬಂದು ನೋಡಿ, ಅವಳದ್ದೇ ತಪ್ಪು ಅಂತ ಒಂದು ಮಾತು ಹೇಳ್ಬಿಟ್ರೆ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯ ಮಾಲೀಕರು ಫೋನಿನಲ್ಲಿ ಹೀಗೆಂದಾಗ ನಾನು ತಟ್ಟೆಯ ಮುಂದೆ ಕುಳಿತಿದ್ದೆ. ತಿನ್ನುತ್ತಿದ್ದ ಉಪ್ಪಿಟ್ಟನ್ನು ಪಕ್ಕಕ್ಕೆ ಸರಿಸಿದೆ. ಇನ್ನೂ ಮಷೀನು ನೋಡಿಲ್ಲ, ಆಗಲೇ ತೀರ್ಪು ತಯಾರು. ನಾನು ಹೋಗಿ ಅದಕ್ಕೊಂದು ಮುದ್ರೆ ಒತ್ತಿ ಬರಬೇಕು, ಅಷ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರು ಅದನ್ನು ಬಿಪಿ ಎನ್ನುತ್ತಾರೆ, ನಾನು ತಿಳಿವಳಿಕೆ ಎನ್ನುತ್ತೇನೆ.

ನನ್ನ ಕಸುಬು ಇಂಥ ಸಣ್ಣ ಕಾರ್ಖಾನೆಗಳ ಮಷೀನುಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಡುವುದು, ಅದರೊಳಗೆ ಕೂತು ಮಷೀನನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ, ಅಂದರೆ ಪಿಎಲ್‌ಸಿಗೆ, ಪ್ರೋಗ್ರಾಮ್ ಬರೆಯುವುದು. ಗೋವಿಂದರಾಜನಗರದಲ್ಲಿ, ಕೆಳಗೆ ಹಾರ್ಡ್‌ವೇರ್ ಅಂಗಡಿಯಿರುವ ಕಟ್ಟಡದ ಮೇಲೊಂದು ಬಾಡಿಗೆ ಕೋಣೆ. ಅದೇ ನನ್ನ ಆಫೀಸು. ಹೆಂಗಸೊಬ್ಬಳು ಲ್ಯಾಪ್‌ಟಾಪ್ ಹಿಡಿದು ಶೆಡ್ಡಿಗೆ ಬಂದರೆ ಮೊದಲು "ಎಂಜಿನಿಯರ್ ಬರ್ಲಿಲ್ವಾ?" ಎಂದು ಕೇಳುವವರನ್ನು ನೋಡಿ ನೋಡಿ ನನ್ನ ನಾಲಿಗೆ ಹರಿತವಾಗಿದೆ. ಈ ಮಾಲೀಕರು ಹಾಗಲ್ಲ, ಮರ್ಯಾದಸ್ಥರು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಶೆಡ್ ಕಟ್ಟಿದವರು. ಬೈಯುವುದಿಲ್ಲ, ಕೂಗುವುದಿಲ್ಲ, ಕಾಫಿ ತರಿಸುತ್ತಾರೆ. ಆ ನಯವಾದ ದನಿಯಲ್ಲೇ ಒಬ್ಬಳ ಅನ್ನ ಕಿತ್ತುಕೊಳ್ಳುವ ಮಾತಾಡುತ್ತಾರಲ್ಲ, ಅದಕ್ಕೇ ನನಗೆ ಮೈ ಉರಿದದ್ದು.

ಮಷೀನನ್ನು ಹಿಂದಿನ ವರ್ಷ ಓಡುವಂತೆ ಮಾಡಿಕೊಟ್ಟದ್ದು ನಾನೇ. ಕೆಲಸ ಸರಳ. ಬೆರಳುಂಗುರದಷ್ಟು ದೊಡ್ಡ, ಬುಷ್ ಎನ್ನುವ ಹಿತ್ತಾಳೆ ಬಳೆಗಳು ಜಾರುದಾರಿಯಲ್ಲಿ ಇಳಿದು ಒಂದು ಗೂಡಿನಲ್ಲಿ ಬಂದು ಕೂರುತ್ತವೆ. ಅಲ್ಲಿಂದ ಒಂದೊಂದನ್ನೇ ಎತ್ತಿ ಪಕ್ಕದ ಗುರುತು ಹಾಕುವ ಮಷೀನಿನಲ್ಲಿ ಇಡಬೇಕು. ಎತ್ತಿಡುವುದಕ್ಕೆ ಎರಡು ಗಾಳಿ ಸಿಲಿಂಡರ್: ಒಂದು ಕೆಳಗೆ ಮೇಲೆ ಹೋಗುವುದು, ಇನ್ನೊಂದು ಅಡ್ಡಕ್ಕೆ ಆಚೆ ಈಚೆ ಹೋಗುವುದು. ಮೇಲೆ ಕೆಳಗೆ ಹೋಗುವುದರ ತುದಿಯಲ್ಲಿ ಬುಷ್ ಹಿಡಿಯುವ ಎರಡು ದವಡೆ. ಕೆಳಗಿಳಿ, ಹಿಡಿ, ಮೇಲೇಳು, ಅಡ್ಡಕ್ಕೆ ಹೋಗು, ಕೆಳಗಿಳಿ, ಬಿಡು, ಮೇಲೇಳು, ವಾಪಸ್ ಬಾ. ಇಷ್ಟೇ ಅದರ ಜೀವನ.

ಪ್ರತಿ ಸಿಲಿಂಡರಿನ ಎರಡು ಕೊನೆಗೂ ಒಂದೊಂದು ಲಿಮಿಟ್ ಸ್ವಿಚ್ ಇಟ್ಟಿದ್ದೆ. ತುದಿಯಲ್ಲಿ ಸಣ್ಣ ಚಕ್ರವಿರುವ ಪುಟ್ಟ ಸನ್ನೆಕೋಲಿನ ಸ್ವಿಚ್ಚು. ಸಿಲಿಂಡರ್ ಪೂರ್ತಿ ಹೋಗಿ ಚಕ್ರವನ್ನು ಒತ್ತಿದಾಗ ಮಾತ್ರ "ತಲುಪಿದೆ" ಎಂದು ಪಿಎಲ್‌ಸಿಗೆ ಗೊತ್ತಾಗುತ್ತದೆ. ಅದು ಗೊತ್ತಾಗದೆ ಮುಂದಿನ ಚಲನೆ ಇಲ್ಲ. ದವಡೆ ಇನ್ನೂ ಗೂಡಿನೊಳಗೆ ಇರುವಾಗಲೇ ಅಡ್ಡ ಸಿಲಿಂಡರ್ ಹೊರಟರೆ ದವಡೆ ಗೂಡಿನ ಗೋಡೆಗೆ ಬಡಿದು ಮುರಿಯುತ್ತದೆ. ಆಗುತ್ತಿದ್ದದ್ದೂ ಅದೇ. ಆ ತಿಂಗಳಲ್ಲಿ ಮೂರನೇ ಸಲ ದವಡೆ ಮುರಿದಿತ್ತು. ಮೂರೂ ಸಲ ಮುರಿದದ್ದು ಬೆಳಗಿನ ಪಾಳಿಯಲ್ಲಿ, ಒಬ್ಬಳೇ ಆಪರೇಟರ್ ಮುಂದೆ.

ನಾನು ಹೋದಾಗ ಅವಳು ಮಷೀನಿನಿಂದ ದೂರ, ಗೋಡೆಗೆ ಒರಗಿ ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಬಾಗಲಕೋಟೆ ಕಡೆಯವಳು. ಮೂಡಲಪಾಳ್ಯದಲ್ಲಿ ಒಂದು ಕೋಣೆಯ ಮನೆ; ಗಂಡ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಮಧ್ಯಾಹ್ನ ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬೇಕೆಂದು ಬೆಳಗಿನ ಪಾಳಿಯನ್ನೇ ಕೇಳಿ ಪಡೆದಿದ್ದಳು. ಅವಳು ಕಂಪನಿಯ ನೌಕರಳಲ್ಲ, ಕಾಂಟ್ರಾಕ್ಟರ್ ಕಳಿಸಿದವಳು. ಇಲ್ಲಿಂದ ಒಂದು ಫೋನ್ ಹೋದರೆ ಮರುದಿನ ಗೇಟಿನೊಳಗೆ ಬಿಡುವುದಿಲ್ಲ. ಆ ಫೋನು ಅವತ್ತು ಮಧ್ಯಾಹ್ನ ಹೋಗುವುದಿತ್ತು. ನನ್ನ ಒಂದು ಮಾತಿಗೆ ಕಾಯುತ್ತಿದ್ದರು.

"ನಾ ಕೈ ಹಾಕಿಲ್ರೀ ಅಕ್ಕಾರ," ಎಂದಳು, ನಾನು ಬ್ಯಾಗ್ ಇಳಿಸುವ ಮೊದಲೇ. "ಅದು ತಾನ ಬಡ್ಕೊಂತೈತ್ರೀ."

"ಎಲ್ರೂ ಹಂಗೇ ಹೇಳೋದು," ಎಂದ ಸೂಪರ್‌ವೈಸರ್. ಡಿಪ್ಲೊಮಾ ಓದಿದವನು, ಕೆಲಸ ಗೊತ್ತಿರುವವನು. ಆ ಶೆಡ್ಡಿನಲ್ಲಿ ಮಾಲೀಕರು ನಯವಾಗಿ ಯೋಚಿಸಿದ್ದನ್ನು ಒರಟಾಗಿ ಹೇಳುವುದು ಅವನ ಪಾಲಿನ ಕೆಲಸ. "ಓಡ್ತಿರೋ ಮಷೀನ್‌ಗೆ ಕೈ ಹಾಕಿ ಬುಷ್ ಸರಿ ಮಾಡ್ತಾಳೆ ಮೇಡಮ್. ಸೆಕೆಂಡ್ ಶಿಫ್ಟಲ್ಲಿ ಯಾಕೆ ಮುರಿಯಲ್ಲ ಹೇಳಿ? ಎಮ್ಮೆ ಕಾಯೋರ್ನ ತಂದು ಮಷೀನ್ ಮುಂದೆ ನಿಲ್ಸಿದ್ರೆ ಹಿಂಗೇ ಆಗೋದು."

ಇದನ್ನು ಅವನು ನನಗೊಬ್ಬಳಿಗೆ ಹೇಳಿದ್ದಲ್ಲ. ಶೆಡ್ಡಿನ ಆ ತುದಿಯಲ್ಲಿ ಬುಷ್ ತೊಳೆಯುತ್ತಿದ್ದ ಹೆಂಗಸರವರೆಗೂ ಕೇಳುವಂತೆ ಹೇಳಿದ. ಹಿಂದಿನ ದಿನ ದವಡೆ ಮುರಿದಾಗಲೂ ಇದೇ ಮಾತನ್ನು ಇದಕ್ಕಿಂತ ಜೋರಾಗಿ ಹೇಳಿದ್ದನಂತೆ. ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ನಿಂತಿದ್ದಳು. ನನ್ನ ಪಿತ್ತ ನೆತ್ತಿಗೇರಿತು. ಆದರೆ ಆ ಹೊತ್ತಿಗೆ ನನ್ನ ಹತ್ತಿರ ಇದ್ದದ್ದು ಸಿಟ್ಟು ಮಾತ್ರ, ಪುರಾವೆ ಇರಲಿಲ್ಲ.

ಮಷೀನಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಇದೆ. ಬುಷ್ ಸುರಿಯಲು ಮುಂದೆ ಒಂದು ಸಂದು ಬಿಟ್ಟಿದ್ದಾರೆ. ಗಾಳಿಯನ್ನೂ ಕರೆಂಟನ್ನೂ ಆಫ್ ಮಾಡಿಸಿ, ಆ ಸಂದಿನೊಳಗೆ ನನ್ನ ಕೈಯನ್ನೇ ಮೊಣಕೈ ತನಕ ತೂರಿಸಿದೆ, ಅದಕ್ಕಿಂತ ಒಳಗೆ ಹೋಗಲಿಲ್ಲ. ಗೂಡು ಇನ್ನೂ ಒಂದು ಗೇಣು ಆಚೆಗಿತ್ತು. ನನ್ನ ಕೈ ಅವಳ ಕೈಗಿಂತ ಉದ್ದ.

"ಎಲ್ಲಿಂದ ಕೈ ಹಾಕ್ತಾಳೆ, ತೋರ್ಸಿ," ಎಂದೆ.

ಸೂಪರ್‌ವೈಸರ್ ತಲೆ ಕೆರೆದುಕೊಂಡ. "ಕೈ ಹಾಕ್ದೆ ಇರಬಹುದು. ಆದ್ರೆ ಬುಷ್‌ನ ರಪ್ ಅಂತ ಸುರೀತಾಳೆ. ಅದಕ್ಕೇ ಗೂಡಲ್ಲಿ ವಾರೆಯಾಗಿ ಕೂತು ಸಿಗಾಕೊಳ್ಳತ್ತೆ."

ಒಂದು ತಪ್ಪು ಹೊಂದದಿದ್ದರೆ ಇನ್ನೊಂದು. ತಪ್ಪು ಯಾವುದಾದರೂ ಆಗಲಿ, ಮಾಡಿದವಳು ಮಾತ್ರ ಬದಲಾಗಬಾರದು. ಇವನಿಗೆ ಕಾರಣ ಬೇಕಾಗಿರಲಿಲ್ಲ, ಆಳು ಬೇಕಾಗಿತ್ತು.

ಮುರಿದ ದವಡೆಯ ಜಾಗಕ್ಕೆ ಹೊಸದನ್ನು ಹಾಕಲು ಬಂದವನನ್ನು ತಡೆದೆ. ದವಡೆ ಇಲ್ಲದೆ ಮಷೀನನ್ನು ಖಾಲಿ ಓಡಿಸಿದರೆ ಏನೂ ಬಡಿಯುವುದಿಲ್ಲ, ಸಿಲಿಂಡರುಗಳ ಚಲನೆ ಮಾತ್ರ ನೋಡಬಹುದು. ಆಗ ಟೀ ಹೊತ್ತು. ಶೆಡ್ಡೆಲ್ಲ ತಣ್ಣಗಿತ್ತು. ಗಾಳಿ ಬಿಟ್ಟು, ಮಷೀನು ಓಡಿಸಿದೆ. ಕೆಳಗೆ, ಮೇಲೆ, ಅಡ್ಡ, ಕೆಳಗೆ, ಮೇಲೆ, ವಾಪಸ್. ಎಷ್ಟು ಸಲ ಓಡಿಸಿದರೂ ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನೋಡಿದ್ರಾ?" ಎಂದ ಸೂಪರ್‌ವೈಸರ್, ಮಾಲೀಕರ ಕಡೆ ತಿರುಗಿ. "ಮಷೀನ್ ಬೆಣ್ಣೆ ಥರ ಓಡ್ತಿದೆ."

ಮಾಲೀಕರು ನನ್ನತ್ತ ನೋಡಿ ಮುಗುಳ್ನಕ್ಕರು. "ಹಾಗಾದ್ರೆ ಹೇಳ್ಬಿಡ್ಲಾ ಮೇಡಮ್ ಕಾಂಟ್ರಾಕ್ಟರ್‌ಗೆ?"

ಗೋಡೆಗೆ ಒರಗಿದವಳು ನೆಟ್ಟಗಾದಳು. "ಇನ್ನೂ ಪ್ರೋಗ್ರಾಮ್ ತೆಗೆದೇ ಇಲ್ಲ ಸಾರ್, ಸ್ವಲ್ಪ ಇರಿ," ಎಂದೆ. ದನಿ ಎಷ್ಟು ಒರಟಾಗಿ ಬಂತೆಂದರೆ ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಲ್ಯಾಪ್‌ಟಾಪ್ ಹಚ್ಚಿ ಪಿಎಲ್‌ಸಿಯೊಳಗಿದ್ದುದನ್ನು ಓದಿದೆ. ಈ ಪ್ರೋಗ್ರಾಮನ್ನು ನಾವು ಏಣಿಯ ಹಾಗೆ ಬರೆಯುತ್ತೇವೆ. ಎಡಬಲಕ್ಕೆ ಎರಡು ಉದ್ದ ಗೆರೆ, ನಡುವೆ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲೂ ಮೊದಲು ಷರತ್ತುಗಳು, ಬಲತುದಿಯಲ್ಲಿ ಕೆಲಸ. ಷರತ್ತುಗಳೆಲ್ಲ ಕೂಡಿದರೆ ಮಾತ್ರ ಆ ಕೆಲಸ ನಡೆಯುತ್ತದೆ. ಅಡ್ಡ ಸಿಲಿಂಡರ್ ಹೊರಡುವ ಮೆಟ್ಟಿಲಿಗೆ ನಾನು ಬರೆದಿದ್ದು ಹೀಗೆ: ಹಿಡಿಯುವ ಹಂತ ಮುಗಿದಿರಬೇಕು, ಮತ್ತು ಮೇಲಿನ ಲಿಮಿಟ್ ಸ್ವಿಚ್ ಒತ್ತಿರಬೇಕು. ಮೇಲಿನ ಸ್ವಿಚ್ಚೊಂದೇ ಸಾಲದು, ಏಕೆಂದರೆ ಬುಷ್ ಹಿಡಿಯುವ ಮೊದಲೂ ಸಿಲಿಂಡರ್ ಮೇಲೇ ಇರುತ್ತದೆ, ಹಿಡಿದ ಮೇಲೂ ಮೇಲೇ ಬರುತ್ತದೆ. ಎರಡೂ ಹೊತ್ತಿನಲ್ಲಿ ಸ್ವಿಚ್ಚು ಹೇಳುವುದು ಒಂದೇ ಮಾತು. ಯಾವ ಹಂತದಲ್ಲಿದ್ದೇವೆ ಎಂಬ ನೆನಪನ್ನು ಪ್ರೋಗ್ರಾಮ್ ಇಟ್ಟುಕೊಳ್ಳಬೇಕು. ಆ ನೆನಪು ಅಲ್ಲೇ ಇತ್ತು. ಸ್ವಿಚ್ಚು ಇರಲಿಲ್ಲ. ಅದರ ಜಾಗದಲ್ಲಿ ಒಂದು ಟೈಮರ್ ಕೂತಿತ್ತು. ಮೇಲೇಳು ಎಂದು ಹೇಳಿ ಅರ್ಧ ಸೆಕೆಂಡ್ ಆದರೆ ಸಾಕು, ಮೇಲೆ ಬಂದಿದೆ ಎಂದು ತಿಳಿದುಕೊಂಡು ಅಡ್ಡಕ್ಕೆ ಹೊರಡು.

ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದೆ. ಮೇಲಿನ ಸ್ವಿಚ್ಚಿನ ಸನ್ನೆಕೋಲು ಸವೆದು ಸಡಿಲವಾಗಿತ್ತು. ವೈರು ಕಿತ್ತು, ಇನ್ಸುಲೇಷನ್ ಟೇಪು ಸುತ್ತಿ, ಅಂದವಾಗಿ ಒಳಗೆ ಮಡಚಿಟ್ಟಿದ್ದರು.

"ಇದು ಯಾರ ಕೆಲಸ?"

"ಓ, ಅದಾ," ಎಂದ ಸೂಪರ್‌ವೈಸರ್. ಮುಚ್ಚಿಡುವ ಪ್ರಯತ್ನವನ್ನೇನೂ ಮಾಡಲಿಲ್ಲ. "ಅದು ಹಳೇ ಕಥೆ ಮೇಡಮ್. ಆ ಸ್ವಿಚ್ ಆಗಾಗ ಸಿಗ್ನಲ್ ಕೊಡ್ತಿರ್ಲಿಲ್ಲ, ಮಷೀನ್ ನಿಂತ್ಕೊಳ್ತಿತ್ತು. ಡಿಸ್‌ಪ್ಯಾಚ್ ಅರ್ಜೆಂಟ್ ಇತ್ತು. ನಾನೇ ಟೆಂಪರರಿ ಆಗಿ ಟೈಮರ್ ಹಾಕ್ದೆ. ಆಮೇಲೆ ಚೆನ್ನಾಗೇ ಓಡ್ತಲ್ಲ, ಹಂಗೇ ಬಿಟ್ಟೆ. ಇದಕ್ಕೂ ಅದಕ್ಕೂ ಏನು ಸಂಬಂಧ? ಈಗ ತಾನೇ ಓಡ್ಸಿ ನೋಡಿದ್ರಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ಸಂಬಂಧ ಕಂಡಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ನಮ್ಮ ಕಡೆಯ ಶೆಡ್ಡುಗಳಲ್ಲಿ ಟೆಂಪರರಿ ಎಂದರೆ ಯಾರೂ ಮತ್ತೆ ಮುಟ್ಟದೇ ಇರುವುದು ಎಂದರ್ಥ. ಟೈಮರಿಗೆ ನಾನು ವಿರೋಧಿಯಲ್ಲ. ದವಡೆ ಮುಚ್ಚುವ ಹಂತದಲ್ಲಿ, ಸ್ವಿಚ್ ಕೂರಿಸಲು ಜಾಗವಿಲ್ಲವೆಂದು, ನಾನೂ ಟೈಮರನ್ನೇ ಹಾಕಿದ್ದೆ. ಆಗ ಹಿಡಿತ ತಪ್ಪಿದರೆ ಒಂದು ಬುಷ್ ಬಿದ್ದೀತು, ಅಷ್ಟೆ. ಆದರೆ ತಲುಪದೇ ಹೊರಟರೆ ಮುರಿಯುವ ಕಡೆ ಟೈಮರನ್ನು ನಂಬುವುದು ಕಣ್ಣು ಕಟ್ಟಿಕೊಂಡು ಮಾಗಡಿ ರಸ್ತೆ ದಾಟಿದ ಹಾಗೆ. ಅದಕ್ಕೆ ಸೆಕೆಂಡು ಎಣಿಸುವುದು ಗೊತ್ತೇ ಹೊರತು ಸಿಲಿಂಡರ್ ಎಲ್ಲಿದೆ ಎಂಬುದು ಗೊತ್ತಿಲ್ಲ.

ಆದರೂ ಪ್ರಶ್ನೆ ಉಳಿದೇ ಇತ್ತು. ಅರ್ಧ ಸೆಕೆಂಡಿನೊಳಗೆ ಸಿಲಿಂಡರ್ ಮೇಲೆ ಬರುತ್ತಿತ್ತು. ನನ್ನ ಕಣ್ಣೆದುರೇ ಬಂದಿತ್ತು. ಹಾಗಾದರೆ ಮುರಿಯುವುದು ಯಾಕೆ, ಅದೂ ಇವಳ ಪಾಳಿಯಲ್ಲೇ ಯಾಕೆ? ಮಾಲೀಕರ ಕೈ ಮತ್ತೆ ಜೇಬಿನ ಕಡೆ ಹೋಗುತ್ತಿತ್ತು. ಮಷೀನನ್ನು ಓಡುತ್ತಿರಲೆಂದು ಬಿಟ್ಟು ನಾನು ಪರದೆಯನ್ನೇ ದಿಟ್ಟಿಸಿದೆ.

ಆಗ ಟೀ ಮುಗಿಯಿತು. ತೊಳೆಯುವ ಕಡೆಯ ಇಬ್ಬರು ಹೆಂಗಸರು ತಮ್ಮ ಜಾಗಕ್ಕೆ ಮರಳಿದರು. ತೊಳೆದ ಬುಷ್‌ಗಳ ನೀರು ಹಾರಿಸಲು ಇಬ್ಬರೂ ಏರ್ ಗನ್ ಹಿಡಿದು ಒಟ್ಟಿಗೆ ಒತ್ತಿದರು. ಶೆಡ್ ತುಂಬ ಬುಸ್ ಎಂಬ ಸದ್ದು. ನಮ್ಮ ಮಷೀನಿನ ಪಕ್ಕದಲ್ಲಿ ಗಾಳಿಯ ಒತ್ತಡ ತೋರಿಸುವ ಗೇಜಿನಲ್ಲಿ ಆರರ ಮೇಲಿದ್ದ ಮುಳ್ಳು ನಾಲ್ಕರ ಕೆಳಗೆ ಇಳಿಯಿತು. ಸಿಲಿಂಡರ್ ಕೆಳಗಿಳಿಯಿತು, ಮೇಲೇಳತೊಡಗಿತು. ಮಂಡಿನೋವಿನವರು ಮೆಟ್ಟಿಲು ಹತ್ತುವ ಹಾಗೆ ಏಳುತ್ತಿತ್ತು. ಅರ್ಧ ದಾರಿಯೂ ಆಗಿರಲಿಲ್ಲ, ಅಡ್ಡ ಸಿಲಿಂಡರ್ ಹೊರಟೇಬಿಟ್ಟಿತು. ದವಡೆ ಇದ್ದಿದ್ದರೆ ಗೂಡಿಗೆ ಬಡಿದು ನಾಲ್ಕನೆಯದೂ ಮುರಿಯುತ್ತಿತ್ತು.

"ಅಲ್ನೋಡ್ರೀ!" ಎಂದು ಕೂಗಿದವಳು ಗೋಡೆಯ ಬಳಿಯವಳು.

ಮತ್ತೆ ಓಡಿಸಿದೆ, ಮತ್ತೆ ಅದೇ. ಏರ್ ಗನ್ ನಿಲ್ಲಿಸಿ ಎಂದೆ; ಸ್ವಲ್ಪ ಹೊತ್ತಿಗೆ ಮುಳ್ಳು ಮೇಲೇರಿತು, ಚಲನೆ ಸರಿಹೋಯಿತು. ಒತ್ತಿ ಎಂದೆ, ಕೆಟ್ಟಿತು. ಮಾಲೀಕರು ಹತ್ತಿರ ಬಂದು ಬಗ್ಗಿ ನೋಡಿದರು. ತೊಳೆಯುವ ಈ ಲೈನು ಎರಡು ತಿಂಗಳ ಹಿಂದೆ ಬಂದದ್ದು, ಅದೇ ಕಂಪ್ರೆಸರಿನ ಅದೇ ಪೈಪಿಗೆ ಜೋಡಿಸಿದ್ದು. ಇಬ್ಬರೂ ಒಟ್ಟಿಗೆ ಗನ್ ಒತ್ತುವುದು ಅಪರೂಪ, ಅದಕ್ಕೇ ದಿನಾ ಮುರಿಯುತ್ತಿರಲಿಲ್ಲ. ಓಡುವುದು ಬೆಳಗಿನ ಪಾಳಿಯಲ್ಲಿ ಮಾತ್ರ. ಇವಳ ಪಾಳಿಯಲ್ಲಿ ಮಾತ್ರ.

"ಸೆಕೆಂಡ್ ಶಿಫ್ಟಲ್ಲಿ ಯಾಕೆ ಮುರಿಯಲ್ಲ ಅಂತ ಕೇಳಿದ್ರಲ್ಲ," ಎಂದೆ ಸೂಪರ್‌ವೈಸರ್‌ಗೆ. ಅವನು ಗೇಜನ್ನು ಬೆರಳಿನಿಂದ ತಟ್ಟಿ ನೋಡುತ್ತ ನಿಂತ.

"ಟೈಮರ್ ಜಾಸ್ತಿ ಮಾಡ್ಬಿಡಿ ಮೇಡಮ್, ಒಂದು ಸೆಕೆಂಡ್," ಎಂದರು ಮಾಲೀಕರು. "ಈಗ ಮತ್ತೆ ಸ್ವಿಚ್ ಎಲ್ಲಿ ಹುಡುಕೋದು?"

"ಮೂರನೇ ಏರ್ ಗನ್ ತಂದಾಗ ಎಷ್ಟು ಮಾಡೋಣ ಸಾರ್?" ಎಂದೆ. ನನ್ನ ಬ್ಯಾಗಿನಲ್ಲಿ ಅದೇ ಬಗೆಯ ಸ್ವಿಚ್ಚಿತ್ತು, ಯಾವಾಗಲೂ ಇರುತ್ತದೆ. ಅದನ್ನು ಕೂರಿಸಿ, ಸಿಲಿಂಡರ್ ಪೂರ್ತಿ ಮೇಲೆ ಬಂದಾಗಲೇ ಚಕ್ರ ಒತ್ತುವಂತೆ ಹೊಂದಿಸಿ, ವೈರು ಕೊಟ್ಟೆ. ಟೈಮರನ್ನು ಆ ಮೆಟ್ಟಿಲಿನಿಂದ ಕಿತ್ತು ಸ್ವಿಚ್ಚನ್ನು ಅದರ ಜಾಗಕ್ಕೆ ತಂದೆ. ಟೈಮರಿಗೆ ಬೇರೆ ಕೆಲಸ ಕೊಟ್ಟೆ: ಮೇಲೇಳು ಎಂದು ಹೇಳಿ ಮೂರು ಸೆಕೆಂಡಾದರೂ ಸ್ವಿಚ್ಚು ಒತ್ತದಿದ್ದರೆ ಎಲ್ಲವನ್ನೂ ನಿಲ್ಲಿಸಿ ಕೆಂಪು ದೀಪ ಹಚ್ಚು. ಮೊದಲೂ ನಾನು ಹೀಗೇ ಬರೆದಿದ್ದೆ, ಅದನ್ನೂ ತೆಗೆದುಹಾಕಿದ್ದರು.

ಖಾಲಿ ಓಡಿಸಿ ನೋಡಿದೆವು. ಏರ್ ಗನ್ ಎರಡೂ ಬುಸುಗುಡುತ್ತಿದ್ದಾಗ ಸಿಲಿಂಡರ್ ನಿಧಾನವಾಗಿ ಎದ್ದಿತು, ಅಡ್ಡ ಸಿಲಿಂಡರ್ ಕಾಯಿತು, ಚಕ್ರ ಒತ್ತಿದ ಮೇಲೆ ಹೊರಟಿತು. ಗಾಳಿಯ ಕವಾಟವನ್ನು ಬೇಕೆಂದೇ ಅರ್ಧ ಮುಚ್ಚಿದೆ. ಮಷೀನು ನಿಂತು ಕೆಂಪು ದೀಪ ಹತ್ತಿತು.

"ಇದು ನಿಂತ್ಕೊಳ್ಳತ್ತಲ್ಲ ಮೇಡಮ್," ಎಂದರು ಮಾಲೀಕರು, ಬೇಸರದಿಂದ.

"ನಿಂತ್ಕೊಳ್ಳಲಿ ಅಂತಲೇ ಬರೆದಿರೋದು. ಗಾಳಿ ಸಾಲದಿದ್ರೆ ಕಂಪ್ರೆಸರ್ ದೊಡ್ಡದು ಹಾಕ್ಸಿ. ಆಪರೇಟರ್‌ನ ಬದಲಾಯಿಸಿದ್ರೆ ಗಾಳಿ ಜಾಸ್ತಿಯಾಗಲ್ಲ."

ಹೊಸ ದವಡೆ ಕೂರಿಸಿದರು. ಮಾಲೀಕರು ಗೋಡೆಯ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, "ಬಾರಮ್ಮ, ಏನೂ ತೊಂದ್ರೆ ಇಲ್ಲ. ನಾಳೆಯಿಂದನೂ ಬಾ," ಎಂದರು. ಅವಳಿಗೆ ಏನನ್ನೋ ದಾನ ಕೊಟ್ಟವರ ಹಾಗಿತ್ತು ಆ ದನಿ. ಅವಳ ಕೆಲಸವನ್ನು ಅವಳಿಗೇ ವಾಪಸು ಕೊಡುವುದಕ್ಕೆ ಇಷ್ಟು ಔದಾರ್ಯ.

ರೀಸೆಟ್ ಒತ್ತಿದೆ. ಸಿಲಿಂಡರ್ ಮೊದಲು ಮೇಲೆ, ಆಮೇಲೆ ಹಿಂದಕ್ಕೆ, ತನ್ನ ಜಾಗಕ್ಕೆ ಬಂದು ನಿಂತಿತು. ಇನ್ನು ಉಳಿದದ್ದು ಹಸಿರು ಗುಂಡಿ ಒತ್ತುವುದು. ಅವಳು ಬಂದು ಮಷೀನಿನ ಮುಂದೆ ನಿಂತಳು. ಕೈ ಮಾತ್ರ ಎತ್ತಲಿಲ್ಲ.

"ಒತ್ತಮ್ಮ," ಎಂದರು ಮಾಲೀಕರು.

ಅವಳು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು.

"ಏ, ಒತ್ತು, ಟೈಮಾಯ್ತು," ಎಂದ ಸೂಪರ್‌ವೈಸರ್. ಆಮೇಲೆ ತಾನೇ ಕೈ ಚಾಚಿದ. ನಾನು ನಡುವೆ ಬಂದೆ.

"ಟ್ರಯಲ್ ಇವರ ಕೈಯಲ್ಲೇ ಆಗ್ಬೇಕು," ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. "ನೀವು ಒತ್ತಿ ಓಡಿಸ್ತೀರ, ನಾಳೆ ಏನಾದ್ರೂ ಆದ್ರೆ ನಂಗೆ ಓಡ್ತಿತ್ತು, ಇವಳಿಗೆ ಓಡಲ್ಲ ಅಂತೀರ. ಇವರು ಒತ್ತದೆ ನಾನು ಮಷೀನ್ ಒಪ್ಪಿಸಿ ಹೋಗಲ್ಲ."

ಅವಳು ಆಗ ಬಾಯಿಬಿಟ್ಟಳು. ನನ್ನನ್ನಾಗಲಿ ಮಾಲೀಕರನ್ನಾಗಲಿ ನೋಡಲಿಲ್ಲ, ಸೂಪರ್‌ವೈಸರನ್ನೇ ನೋಡಿದಳು.

"ನಿನ್ನಿ ನನಗ ಎಲ್ಲಾರ ಮುಂದ ಎಮ್ಮಿ ಕಾಯಾಕಿ ಅಂದ್ರಿ. ಇವತ್ತೂ ಅಂದ್ರಿ. ಈಗೂ ಎಲ್ಲಾರೂ ಇಲ್ಲೇ ಅದಾರ."

ಸೂಪರ್‌ವೈಸರ್ ಮಾಲೀಕರ ಮುಖ ನೋಡಿದ. ಮಾಲೀಕರು ಗೇಜಿನ ಮುಖ ನೋಡಿದರು. ಗುರುತು ಹಾಕಬೇಕಾದ ಬುಷ್‌ಗಳ ಡಬ್ಬಗಳು ಆಳೆತ್ತರಕ್ಕೆ ಪೇರಿಕೊಂಡು ಕಾಯುತ್ತಿದ್ದವು. ಕೊನೆಗೆ ಸೂಪರ್‌ವೈಸರ್ ನೆಲ ನೋಡುತ್ತ ಮೆಲ್ಲಗೆ, "ಸಾರಿ ಕಣಮ್ಮ, ಆಯ್ತಾ?" ಎಂದ.

"ಕೇಳಿಸ್ಲಿಲ್ರೀ," ಎಂದಳು. "ಬೈಯೂ ಮುಂದ ಆ ತುದೀತನಕ ಕೇಳಿಸಿತ್ತು."

ಶೆಡ್ಡಿನ ಆ ತುದಿಯಲ್ಲಿ ಏರ್ ಗನ್ ಸದ್ದು ನಿಂತಿತು. ಯಾರೂ ನಿಲ್ಲಿಸಿ ಎಂದಿರಲಿಲ್ಲ. ಇಬ್ಬರು ಹೆಂಗಸರೂ ಗನ್ ಕೆಳಗಿಳಿಸಿ ಈ ಕಡೆಗೇ ನೋಡುತ್ತಿದ್ದರು.

ಅವನು ತಲೆ ಎತ್ತಿದ. "ಮಷೀನ್ ಕೆಡಿಸಿದ್ದು ನಾನು," ಎಂದ, ಈ ಸಲ ಜೋರಾಗಿ. "ನಿಮ್ದೇನೂ ತಪ್ಪಿಲ್ಲ. ನಾನು ಹಂಗೆ ಅನ್ನಬಾರ್ದಿತ್ತು."

ಅವಳು ಹಸಿರು ಗುಂಡಿ ಒತ್ತಿದಳು.